ಸಾಲು ಸಾಲು ಹಂದಿ: ತೊಗರಿ ಹೊಲದ ಆಟವೊಂದಕ್ಕೆ ಷಫಲ್ ಬ್ಯಾಗ್ ಅಳವಡಿಸಿದ ಪ್ರಕರಣ

ಹಿನ್ನೆಲೆ

ಕಲಬುರಗಿಯ ಮೂವರ ತಂಡವೊಂದು ಆಂಡ್ರಾಯ್ಡ್ ಫೋನಿಗೆಂದು ಕಟ್ಟಿದ ಸಣ್ಣ ಆಟದ ಪ್ರಕರಣ ಇದು. ತಂಡದವರ ಹೆಸರು, ಆಟದ ಹೆಸರು, ಆಡಿ ನೋಡಿದವರ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅವರು ತೆಗೆದುಕೊಂಡ ತೀರ್ಮಾನಗಳನ್ನೂ ಅವುಗಳ ಹಿಂದಿನ ಲೆಕ್ಕವನ್ನೂ ಮಾತ್ರ ಇಟ್ಟುಕೊಂಡಿದೆ. ಷಫಲ್ ಬ್ಯಾಗ್ ಎಂದರೆ ಮುಂದೆ ಏನು ಬರಬೇಕೆಂಬುದನ್ನು ಪ್ರತಿ ಸಲ ಹೊಸದಾಗಿ ಆರಿಸದೆ, ಕುಲುಕಿದ ಚೀಲವೊಂದರಿಂದ ಬರಿದಾಗುವವರೆಗೂ ಒಂದೊಂದಾಗಿ ತೆಗೆಯುವ ಬಗೆ.

ಆಟ ಹೀಗಿದೆ. ಕಾಯಿ ಕಟ್ಟುತ್ತಿರುವ ತೊಗರಿ ಹೊಲವೊಂದು ಆಟಗಾರನ ಕೈಯಲ್ಲಿರುತ್ತದೆ. ಅದರ ಮೇಲೆ ನಾಲ್ಕು ಬಗೆಯ ಶತ್ರುಗಳು ಒಂದರ ಹಿಂದೊಂದು ಬರುತ್ತವೆ: ಕಾಯಿಕೊರಕ ಹುಳು, ಗಿಳಿ ಹಿಂಡು, ಕಾಡುಹಂದಿ, ಜಿಂಕೆ. ಹುಳಕ್ಕೆ ಬೇವಿನೆಣ್ಣೆ ಸಿಂಪಡಿಸಬೇಕು, ಗಿಳಿಗೆ ಹಲಗೆ ಬಾರಿಸಬೇಕು, ಹಂದಿಗೆ ಮುಳ್ಳುಬೇಲಿ, ಜಿಂಕೆಗೆ ಎತ್ತರದ ಬಲೆ. ಒಂದು ಲೆವೆಲ್‌ಗೆ 30 ಶತ್ರು, ಒಟ್ಟು 12 ಲೆವೆಲ್. ಓಡಿಸಿದ ಪ್ರತಿ ಶತ್ರುವಿನಿಂದ ಏನಾದರೂ ಉದುರಬಹುದು: ಕವಣೆ ಕಲ್ಲು, ಬೇವಿನೆಣ್ಣೆ, ಅಪರೂಪಕ್ಕೊಮ್ಮೆ ಬೆದರುಬೊಂಬೆ. ಕಟ್ಟಿದ್ದು ಗೋಡೋ ಎಂಜಿನ್‌ನಲ್ಲಿ.

ಮೊದಲ ಆವೃತ್ತಿಯಲ್ಲಿ ಶತ್ರುವನ್ನು ಆರಿಸುವ ಬಗೆ ಎಲ್ಲರೂ ಮೊದಲು ಬರೆಯುವಂಥದ್ದೇ ಆಗಿತ್ತು. 0ಯಿಂದ 1ರ ನಡುವೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆ; 0.4ಕ್ಕಿಂತ ಕಡಿಮೆಯಾದರೆ ಹುಳು, 0.7ಕ್ಕಿಂತ ಕಡಿಮೆಯಾದರೆ ಗಿಳಿ, 0.9ಕ್ಕಿಂತ ಕಡಿಮೆಯಾದರೆ ಹಂದಿ, ಉಳಿದರೆ ಜಿಂಕೆ. ಅಂದರೆ ನೂರಕ್ಕೆ 40, 30, 20, 10. ಬೆದರುಬೊಂಬೆಗೂ ಹಾಗೆಯೇ ನೂರಕ್ಕೆ 5.

ದೂರು

ಆಡಿ ನೋಡಲು ಕೊಟ್ಟ ಹುಡುಗರಿಂದ ಬಂದ ಮೊದಲ ದೂರು ಹಂದಿಯದು. "ಏನಣ್ಣಾ ಇದು, ಬರೇ ಹಂದಿನೇ ಬರ್ಲಕತ್ತಾವ. ಬೇಲಿ ಹಾಕ್ಲಿಕ್ಕೂ ಬಿಡಂಗಿಲ್ಲ." ಎರಡನೆಯದು ಬೆದರುಬೊಂಬೆಯದು: ಎರಡು ಲೆವೆಲ್ ಮುಗಿಸಿದರೂ ಒಂದೂ ಸಿಗಲಿಲ್ಲ, ಪಕ್ಕದಲ್ಲಿ ಕೂತವನಿಗೆ ಒಂದೇ ಲೆವೆಲ್‌ನಲ್ಲಿ ಮೂರು ಸಿಕ್ಕವು.

ತಂಡ ಮೊದಲು ಕೋಡಿನಲ್ಲಿ ತಪ್ಪು ಹುಡುಕಿತು. ಸಾವಿರಾರು ಶತ್ರುಗಳನ್ನು ಹೊರಡಿಸಿ ಎಣಿಸಿದರೆ ಪ್ರಮಾಣ ಸರಿಯಾಗಿಯೇ ಇತ್ತು, ಹಂದಿ ನೂರಕ್ಕೆ ಇಪ್ಪತ್ತರ ಆಸುಪಾಸು. ಇಲ್ಲಿಗೆ ಹಲವು ತಂಡಗಳು ಕೈಬಿಡುತ್ತವೆ, "ಆಟಗಾರರ ಭ್ರಮೆ" ಎಂದು ಬದಿಗೆ ಸರಿಸುತ್ತವೆ. ಇವರು ಹಾಗೆ ಮಾಡಲಿಲ್ಲ. ಒಟ್ಟು ಎಷ್ಟು ಬಂದವು ಎಂಬುದನ್ನು ಬಿಟ್ಟು, ಎಷ್ಟು ಸಾಲಾಗಿ ಬಂದವು ಎಂದು ಕೇಳಿದರು. ಈ ಪ್ರಕರಣದ ಮೊದಲ ತಿರುವು ಅದೇ.

ಮುಳ್ಳುಬೇಲಿ ಮೂರು ಹಂದಿಗಳ ಏಟು ತಡೆಯುತ್ತದೆ, ಆಮೇಲೆ ಅದನ್ನು ಕಟ್ಟಲು ಹೊತ್ತು ಬೇಕು. ಬೇರೆ ಶತ್ರು ನಡುವೆ ಬಾರದೆ ನಾಲ್ಕು ಹಂದಿ ಸಾಲಾಗಿ ಬಂದರೆ ಆಟಗಾರ ಎಷ್ಟೇ ಚುರುಕಾಗಿದ್ದರೂ ನಾಲ್ಕನೆಯದು ಒಳಗೆ ನುಗ್ಗುತ್ತದೆ. ಹಾಗಾಗಿ ನಾಲ್ಕರ ಸಾಲು ಎಷ್ಟು ಸಲ ಬರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಪ್ರತಿ ಸಲವೂ ಹಿಂದಿನದನ್ನು ನೆನಪಿಡದೆ ಆರಿಸಿದರೆ, ಒಂದು ಜಾಗದಿಂದ ನಾಲ್ಕೂ ಹಂದಿಯಾಗುವ ಸಂಭವ 0.2ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 0.0016. ಸಾಲು ಅಲ್ಲಿಂದಲೇ ಶುರುವಾಗಬೇಕಾದರೆ ಅದರ ಹಿಂದಿನದು ಹಂದಿ ಆಗಿರಬಾರದು, ಹಾಗಾಗಿ 0.8ರಿಂದ ಗುಣಿಸಿ 0.00128. 30 ಶತ್ರುಗಳಲ್ಲಿ ಅಂಥ ಜಾಗ 26, ಜೊತೆಗೆ ಲೆವೆಲ್‌ನ ಮೊದಲ ಜಾಗ. ಕೂಡಿಸಿದರೆ ಒಂದು ಲೆವೆಲ್‌ಗೆ ಸುಮಾರು 0.035, ನೂರಕ್ಕೆ ಮೂರೂವರೆ. ಒಂದು ಲೆವೆಲ್‌ಗೆ ಅದು ಚಿಕ್ಕದೇ. ಆದರೆ 12 ಲೆವೆಲ್ ಆಡಿದವನಿಗೆ ಒಮ್ಮೆಯಾದರೂ ಈ ಸಾಲು ಎದುರಾಗುವ ಸಂಭವ ನೂರಕ್ಕೆ 34. ಮೂವರಲ್ಲಿ ಒಬ್ಬ ತನ್ನದಲ್ಲದ ತಪ್ಪಿಗೆ ಒಂದು ಲೆವೆಲ್ ಕಳೆದುಕೊಳ್ಳುತ್ತಾನೆ. ದೂರು ಭ್ರಮೆಯಾಗಿರಲಿಲ್ಲ.

ಬೆದರುಬೊಂಬೆಯ ಲೆಕ್ಕವೂ ಹಾಗೆಯೇ. 60 ಶತ್ರುಗಳನ್ನು ಓಡಿಸಿಯೂ ಒಂದೂ ಸಿಗದಿರುವ ಸಂಭವ 0.95ರ ಅರವತ್ತನೇ ಘಾತ, ನೂರಕ್ಕೆ 4.6. ಮೊದಲ ಎರಡು ಲೆವೆಲ್‌ನಲ್ಲೇ ನೂರು ಜನರಲ್ಲಿ ನಾಲ್ಕೈದು ಮಂದಿ ಬರಿಗೈ.

ಮೊದಲ ಪ್ರಯತ್ನ: ಹಿಂದಿನದೇ ಬಂದರೆ ಮತ್ತೆ ಆರಿಸು

ಕೋಡ್ ಬರೆಯುವಾತ ಒಂದೇ ಸಾಲಿನ ಪರಿಹಾರ ಹಾಕಿದ: ಹಿಂದಿನ ಶತ್ರುವೇ ಮತ್ತೆ ಬಂದರೆ, ಬೇರೆಯದು ಬರುವವರೆಗೂ ಹೊಸದಾಗಿ ಆರಿಸು. ಸಾಲು ನಿಂತೇಹೋಯಿತು. ಒಂದೆರಡು ದಿನದಲ್ಲಿ ಹೊಸ ದೂರು ಬಂತು, ಆಟ ಕಷ್ಟವಾಗಿದೆ ಎಂದು. ಶತ್ರುಗಳ ಬಲವನ್ನು ಯಾರೂ ಮುಟ್ಟಿರಲಿಲ್ಲ.

ಕಾರಣ ಪ್ರಮಾಣದಲ್ಲಿತ್ತು. ಮರುಕಳಿಕೆಯನ್ನು ಪೂರಾ ತಡೆದರೆ ಹೆಚ್ಚು ಬರುವ ಶತ್ರುವಿಗೇ ಹೆಚ್ಚು ಪೆಟ್ಟು, ಏಕೆಂದರೆ ತನ್ನ ಹಿಂದೆ ತಾನೇ ಬರುವ ಅವಕಾಶ ಅದಕ್ಕೇ ಜಾಸ್ತಿ ಇತ್ತು. ಈ ನಿಯಮದಲ್ಲಿ ಪ್ರತಿ ಶತ್ರುವಿನ ದೀರ್ಘಕಾಲದ ಪಾಲು ಅದರ ಮೂಲ ಪಾಲನ್ನು "ಒಂದರಿಂದ ಅದನ್ನು ಕಳೆದದ್ದ"ರಿಂದ ಗುಣಿಸಿದ್ದಕ್ಕೆ ಅನುಪಾತದಲ್ಲಿರುತ್ತದೆ. ಹುಳಕ್ಕೆ 0.4 × 0.6 = 0.24, ಗಿಳಿಗೆ 0.21, ಹಂದಿಗೆ 0.16, ಜಿಂಕೆಗೆ 0.09, ಒಟ್ಟು 0.70. ಇದರಿಂದ ಭಾಗಿಸಿದರೆ ಹುಳು 40ರಿಂದ 34ಕ್ಕೆ ಇಳಿಯಿತು, ಗಿಳಿ 30ರಲ್ಲೇ ನಿಂತಿತು, ಹಂದಿ 20ರಿಂದ 23ಕ್ಕೆ, ಜಿಂಕೆ 10ರಿಂದ 13ಕ್ಕೆ ಏರಿತು. ಸುಲಭದ ಹುಳು ಕಡಿಮೆಯಾಗಿ, ಕಷ್ಟದ ಎರಡು ಪ್ರಾಣಿ ಹೆಚ್ಚಾದವು. ಲೆವೆಲ್ ವಿನ್ಯಾಸ ಮಾಡಿದಾಕೆ ಕೂತು ಹೊಂದಿಸಿದ್ದ ತೂಕವೆಲ್ಲ ಒಂದು ಸಾಲಿನ ಕೋಡಿನಿಂದ ಅಲ್ಲಾಡಿತು.

ಇನ್ನೊಂದು ಕೊರತೆಯೂ ಇತ್ತು. ಈ ನಿಯಮ ಪಕ್ಕಪಕ್ಕದ ಮರುಕಳಿಕೆಯನ್ನಷ್ಟೇ ನೋಡುತ್ತದೆ. ಅಪರೂಪದ ವಸ್ತು ಬಹಳ ಹೊತ್ತು ಬಾರದೇ ಇರುವುದು ಅದರ ಕಣ್ಣಿಗೆ ಬೀಳುವುದಿಲ್ಲ. ಬೆದರುಬೊಂಬೆಯ ದೂರು ಇದ್ದಲ್ಲೇ ಉಳಿಯಿತು.

ಚೀಲ ಬಂತು, ಫಲ ಬರಲಿಲ್ಲ

ಷಫಲ್ ಬ್ಯಾಗ್‌ನ ಕೆಲಸ ತಂಬೋಲಾ ಆಡಿಸುವವರ ಚೀಲದ ಹಾಗೆ. ಬಿಲ್ಲೆಗಳನ್ನು ಹಾಕಿ ಕುಲುಕಿ ಒಂದೊಂದೇ ತೆಗೆಯುತ್ತಾರೆ, ತೆಗೆದದ್ದನ್ನು ಮರಳಿ ಹಾಕುವುದಿಲ್ಲ, ಹಾಗಾಗಿ ಬಂದ ಸಂಖ್ಯೆ ಆ ಆಟದಲ್ಲಿ ಮತ್ತೆ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಚೀಲ ಬರಿದಾದಾಗ ಅದೇ ಬಿಲ್ಲೆಗಳನ್ನು ಮತ್ತೆ ತುಂಬಿ ಕುಲುಕಲಾಗುತ್ತದೆ. ಇದರ ಪ್ರಸಿದ್ಧ ಬಳಕೆ ಈಚಿನ ಟೆಟ್ರಿಸ್ ಆಟಗಳಲ್ಲಿದೆ. ಏಳು ಆಕಾರಗಳು ತಲಾ ಒಂದರಂತೆ ಚೀಲದಲ್ಲಿರುತ್ತವೆ. ಉದ್ದ ಕೋಲು ಒಂದು ಚೀಲದಲ್ಲಿ ಮೊದಲಿಗೂ ಮುಂದಿನದರಲ್ಲಿ ಕೊನೆಗೂ ಬಂದರೆ ನಡುವೆ 12 ಬೇರೆ ಆಕಾರ ಬೀಳುತ್ತವೆ, ಅದಕ್ಕಿಂತ ಹೆಚ್ಚು ಕಾಯಿಸುವುದು ಸಾಧ್ಯವೇ ಇಲ್ಲ.

ತಂಡ ಬರೆದ ಕೋಡ್ ಇಷ್ಟೇ:

```
var bag = []
var last = ""

func pull():
    if bag.is_empty():
        bag = RECIPE.duplicate()
        bag.shuffle()
    last = bag.pop_back()
    return last
```

`RECIPE` ಎಂಬುದು ಚೀಲಕ್ಕೆ ಏನೇನು ಎಷ್ಟೆಷ್ಟು ಎಂಬ ಪಟ್ಟಿ. `duplicate()` ಮರೆತರೆ ಮೂಲ ಪಟ್ಟಿಯೇ ಖಾಲಿಯಾಗುತ್ತದೆ, ಎರಡನೇ ಚೀಲಕ್ಕೆ ಏನೂ ಉಳಿಯುವುದಿಲ್ಲ. ಕುಲುಕುವ ಕೆಲಸವನ್ನು ಎಂಜಿನ್‌ನ `shuffle()`ಗೇ ಬಿಟ್ಟದ್ದು ಒಳ್ಳೆಯ ತೀರ್ಮಾನ. ಸ್ವಂತವಾಗಿ ಬರೆಯಹೋದವರು ಸಾಮಾನ್ಯವಾಗಿ ಪ್ರತಿ ಜಾಗವನ್ನೂ ಇಡೀ ಪಟ್ಟಿಯ ಯಾವುದೋ ಒಂದು ಜಾಗದೊಂದಿಗೆ ಅದಲುಬದಲು ಮಾಡುತ್ತಾರೆ. ಮೂರು ವಸ್ತುಗಳಿದ್ದರೆ ಅದು 27 ದಾರಿಗಳನ್ನು 6 ಕ್ರಮಗಳಿಗೆ ಹಂಚುತ್ತದೆ. 27 ಆರರಿಂದ ಭಾಗವಾಗುವುದಿಲ್ಲ, ಹಾಗಾಗಿ ಕೆಲವು ಕ್ರಮ ಹೆಚ್ಚು ಬಂದೇ ಬರುತ್ತವೆ.

ತಂಡ ಎಡವಿದ್ದು ಕೋಡಿನಲ್ಲಲ್ಲ, ಚೀಲದ ಗಾತ್ರದಲ್ಲಿ. ಪ್ರಮಾಣ ನೂರರ ಲೆಕ್ಕದಲ್ಲಿ ಇದ್ದುದರಿಂದ ಚೀಲಕ್ಕೂ ನೂರು ಬಿಲ್ಲೆ ಹಾಕಿದರು: 40 ಹುಳು, 30 ಗಿಳಿ, 20 ಹಂದಿ, 10 ಜಿಂಕೆ. ಆಡಿದವರಿಗೆ ಏನೂ ಬದಲಾದಂತೆ ಕಾಣಲಿಲ್ಲ. "ಹಂದಿ ಹಂಗೇ ಅದಾವಲ್ಲ?"

ಹಾಗೇ ಇದ್ದದ್ದು ನಿಜ. ನೂರರ ಚೀಲದಲ್ಲಿ ನಾಲ್ಕು ಪಕ್ಕಪಕ್ಕದ ಜಾಗಗಳಲ್ಲಿ ಹಂದಿಯೇ ಇರುವ ಸಂಭವ 20×19×18×17ನ್ನು 100×99×98×97ರಿಂದ ಭಾಗಿಸಿದಷ್ಟು, ಸುಮಾರು 0.0012. ಚೀಲವೇ ಇಲ್ಲದಾಗ ಅದು 0.0016 ಇತ್ತು. ನೂರು ಶತ್ರುಗಳ ಉದ್ದಕ್ಕೆ ಲೆಕ್ಕ ಹಾಕಿದರೆ ನಾಲ್ಕರ ಸಾಲುಗಳು ಐದರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗಿದ್ದವು. ಒಂದು ಹಂದಿ ತೆಗೆದರೂ ಚೀಲದಲ್ಲಿ ಇನ್ನೂ 19 ಇರುತ್ತವೆ, ಮುಂದಿನ ಸಂಭವ ಹೆಚ್ಚೇನೂ ಅಲುಗುವುದಿಲ್ಲ. ಅದರ ಮೇಲೆ ಒಂದು ಲೆವೆಲ್‌ನಲ್ಲಿ ಬರುವುದು 30 ಶತ್ರು. ಚೀಲದ ಮೂರನೇ ಒಂದು ಪಾಲೂ ಖಾಲಿಯಾಗುವ ಮುಂಚೆ ಲೆವೆಲ್ ಮುಗಿದಿರುತ್ತದೆ. ಚೀಲ ಕೊಡುವ ಭರವಸೆ "ಬರಿದಾಗುವಷ್ಟರಲ್ಲಿ ಎಲ್ಲವೂ ಬಂದಿರುತ್ತವೆ" ಎಂಬುದು. ಆಟಗಾರ ಒಂದೇ ಕೂತಿನಲ್ಲಿ ಚೀಲದ ತಳ ಕಾಣದಿದ್ದರೆ ಆ ಭರವಸೆ ಅವನ ಮಟ್ಟಿಗೆ ಇಲ್ಲ.

ಇಲ್ಲಿಂದ ತಂಡ ಹಿಡಿದ ಅಳತೆ ಇದು: ಪ್ರಮಾಣವನ್ನು ಸಾಧ್ಯವಾದಷ್ಟು ಚಿಕ್ಕ ಪೂರ್ಣ ಸಂಖ್ಯೆಗಳಿಗೆ ಇಳಿಸು, ಒಂದು ಲೆವೆಲ್ ಒಳಗೆ ಚೀಲ ಕೆಲವು ಸಲವಾದರೂ ಬರಿದಾಗಬೇಕು. 40:30:20:10 ಎಂಬುದು 4:3:2:1. ಹತ್ತರ ಚೀಲ, ಒಂದು ಲೆವೆಲ್‌ಗೆ ಸರಿಯಾಗಿ ಮೂರು ಚೀಲ.

ಎರಡು ಚೀಲ ಕೂಡುವ ಜಾಗ

ಹತ್ತರ ಚೀಲದಲ್ಲಿ ಹಂದಿ ಎರಡೇ. ಹಾಗಾದರೆ ಎರಡಕ್ಕಿಂತ ಉದ್ದದ ಸಾಲು ಬರುವುದಿಲ್ಲ ಎಂದು ತಂಡ ಅಂದುಕೊಂಡಿತು. ಹತ್ತು ಸಾವಿರ ಕಾಲ್ಪನಿಕ ಆಟಗಾರರನ್ನು 12 ಲೆವೆಲ್ ಓಡಿಸುವ ಸಣ್ಣ ಸ್ಕ್ರಿಪ್ಟ್ ಬರೆದು ಅತಿ ಉದ್ದದ ಸಾಲನ್ನು ಅಳೆದಾಗ ನಾಲ್ಕು ಹಂದಿಯ ಸಾಲು ಅಲ್ಲಲ್ಲಿ ಕಾಣಿಸಿತು. ಒಂದು ಚೀಲದ ಕೊನೆಯ ಎರಡು ಹಂದಿ, ಮುಂದಿನ ಚೀಲದ ಮೊದಲ ಎರಡು ಹಂದಿ.

ಇದು ಅಪರೂಪವೇ. ಕೊನೆಯ ಎರಡೂ ಹಂದಿಯಾಗುವ ಸಂಭವ 45ರಲ್ಲಿ 1, ಮುಂದಿನ ಮೊದಲ ಎರಡೂ ಹಂದಿಯಾಗುವುದು ಇನ್ನೊಂದು 45ರಲ್ಲಿ 1, ಸೇರಿ 2025ರಲ್ಲಿ 1. ಒಂದು ಲೆವೆಲ್‌ನಲ್ಲಿ ಅಂಥ ಕೂಡುವ ಜಾಗ ಎರಡು, 12 ಲೆವೆಲ್‌ಗೆ 24. ಅಂದರೆ ನೂರು ಆಟಗಾರರಲ್ಲಿ ಸುಮಾರು ಒಬ್ಬನಿಗೆ ಎದುರಾಗುತ್ತದೆ. 34ರಿಂದ ಒಂದಕ್ಕೆ ಇಳಿದದ್ದು ದೊಡ್ಡ ಗೆಲುವು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೂಡುವ ಜಾಗದಲ್ಲಿ ಮೂರು ಹಂದಿ ಬರುವುದು, ನಾಲ್ಕಕ್ಕಿಂತ ಹೆಚ್ಚು ಹುಳು ಸೇರುವುದು ಇವೆಲ್ಲ ಇನ್ನೂ ಆಗಾಗ ಆಗುತ್ತಿದ್ದವು. ಹಾಗಾಗಿ ಕಾವಲು ಹಾಕಲು ನಿರ್ಧರಿಸಿದರು.

ಮೊದಲು ಹಾಕಿದ ಕಾವಲು: ಹೊಸ ಚೀಲದಿಂದ ಮೊದಲು ಬರಬೇಕಾದದ್ದು ಹಿಂದಿನ ಶತ್ರುವೇ ಆಗಿದ್ದರೆ, ಅದನ್ನು ಚೀಲದ ತಳದ ಕಡೆಯಿಂದ ಸಿಗುವ ಮೊದಲ ಬೇರೆ ಬಿಲ್ಲೆಯೊಂದಿಗೆ ಅದಲುಬದಲು ಮಾಡು. ಸಾಲು ಒಡೆಯಿತು, ಆದರೆ ಸರಿಸಿದ ಶತ್ರು ಸಾಮಾನ್ಯವಾಗಿ ಚೀಲದ ಕಟ್ಟಕಡೆಗೆ ಹೋಗಿ ಕೂರತೊಡಗಿತು. ಹತ್ತನೆಯ, ಇಪ್ಪತ್ತನೆಯ, ಮೂವತ್ತನೆಯ ಶತ್ರು ಯಾವುದೆಂದು ಊಹಿಸುವುದು ಸುಲಭವಾಯಿತು. ಅದನ್ನು ಬಿಟ್ಟು, ಮೊದಲನೆಯದು ಬೇರೆಯಾಗುವವರೆಗೂ ಇಡೀ ಚೀಲವನ್ನೇ ಮತ್ತೆ ಕುಲುಕುವ ದಾರಿ ಹಿಡಿದರು. ಹೀಗೆ ಮಾಡಿದರೆ ಉಳಿದ ಜಾಗಗಳಲ್ಲಿ ಯಾವುದಕ್ಕೂ ಪಕ್ಷಪಾತ ಬರುವುದಿಲ್ಲ. ಚೀಲದೊಳಗಿನ ಬಿಲ್ಲೆಗಳು ಅವೇ ಇರುವುದರಿಂದ, "ಮತ್ತೆ ಆರಿಸು" ನಿಯಮದಲ್ಲಿ ಆದಂತೆ ಪ್ರಮಾಣವೂ ಕದಲುವುದಿಲ್ಲ.

ಮರುದಿನ ಆಟ ಶುರುವಿನ ಕಲಿಕೆ ಲೆವೆಲ್‌ನಲ್ಲೇ ಹ್ಯಾಂಗ್ ಆಯಿತು. ಹೊಸಬರಿಗೆ ಕಲಿಸಲೆಂದು 12 ಲೆವೆಲ್‌ಗಳ ಮುಂಚೆ ಇಟ್ಟಿದ್ದ ಆ ಲೆವೆಲ್‌ನಲ್ಲಿ ಹುಳು ಮಾತ್ರ ಇತ್ತು. ಚೀಲದಲ್ಲಿ ಬೇರೆ ಬಗೆಯೇ ಇಲ್ಲದಾಗ "ಬೇರೆಯದು ಬರುವವರೆಗೂ ಕುಲುಕು" ಎಂಬುದಕ್ಕೆ ಕೊನೆಯಿಲ್ಲ. ಮೊದಲ ಚೀಲ ಬರಿದಾಗಿ ಹನ್ನೊಂದನೆಯ ಹುಳು ಬರಬೇಕಾದಾಗ ಪರದೆ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಹತ್ತು ಹುಳು ಕಳೆದ ಮೇಲೆಯೇ ನಿಲ್ಲುತ್ತಿದ್ದುದರಿಂದ ಕಾರಣ ಬೇಗ ಹೊಳೆಯಿತು. `bag.shuffle()` ಆದ ಮೇಲೆ ಸೇರಿಸಿದ ಸಾಲುಗಳು:

```
        var others = RECIPE.any(func(x): return x != last)
        while others and bag.back() == last:
            bag.shuffle()
```

ಈಗ ಅತಿ ಉದ್ದದ ಸಾಲು ಎಂದರೆ ಹುಳು 4, ಗಿಳಿ 3, ಹಂದಿ 2, ಜಿಂಕೆ 1. ಇದಕ್ಕಿಂತ ಉದ್ದದ್ದು ಬರುವುದೇ ಸಾಧ್ಯವಿಲ್ಲ. "ಹಂದಿ, ಹಂದಿ, ಹುಳು, ಹಂದಿ, ಹಂದಿ" ಎಂಬುದು ಇನ್ನೂ ಬರಬಹುದು, ಪ್ರತಿ ಕೂಡುವ ಜಾಗಕ್ಕೆ ಸುಮಾರು 1400ರಲ್ಲಿ 1ರಂತೆ. ನಡುವಿನ ಹುಳು ಬೇಲಿ ಕಟ್ಟಲು ಅಷ್ಟಿಷ್ಟು ಹೊತ್ತು ಕೊಡುತ್ತದೆ. ತಂಡ ಅದನ್ನು ಹಾಗೇ ಬಿಟ್ಟಿತು, ಬಿಟ್ಟದ್ದು ಸರಿ. ಪ್ರತಿಯೊಂದು ಕೆಟ್ಟ ಜೋಡಣೆಗೂ ಒಂದೊಂದು ಕಾವಲು ಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಬಾಯಿಪಾಠದ ಪಟ್ಟಿ.

ಬಾಯಿಪಾಠದ ಪ್ರಶ್ನೆ ಬೇರೆ ಕಡೆಯಿಂದಲೂ ಎದ್ದಿತು. ಜಿಂಕೆ ಹತ್ತಕ್ಕೆ ಒಂದೇ ಎಂದು ಹುಡುಗನೊಬ್ಬ ಕಂಡುಕೊಂಡಿದ್ದ. ಜಿಂಕೆ ಬಂದು ಹೋದರೆ ಆ ಹತ್ತು ಮುಗಿಯುವವರೆಗೂ ಬಲೆ ಇಳಿಸಿ, ಆ ಕೈಯನ್ನು ಬೇಲಿಗೆ ಕೊಡುತ್ತಿದ್ದ. ಚೀಲವನ್ನು ಇಪ್ಪತ್ತಕ್ಕೆ ಹಿಗ್ಗಿಸೋಣ ಎಂಬ ಮಾತು ತಂಡದಲ್ಲಿ ಬಂತು. ಲೆಕ್ಕ ಹಾಕಿದರೆ ಇಪ್ಪತ್ತರ ಚೀಲದಲ್ಲಿ ಹಂದಿ ನಾಲ್ಕಾಗುತ್ತವೆ, ನಾಲ್ಕೂ ಪಕ್ಕಪಕ್ಕ ಬರುವ ಸಂಭವ 285ರಲ್ಲಿ 1, ಇಡೀ ಆಟಕ್ಕೆ 18 ಚೀಲದಂತೆ ನೂರಕ್ಕೆ 6. ಅದಕ್ಕಿಂತ ಎಣಿಸಿ ಆಡುವವನಿಗೆ ಸ್ವಲ್ಪ ಅನುಕೂಲವಾಗುವುದೇ ಮೇಲು ಎಂದು ಹತ್ತರಲ್ಲೇ ಉಳಿದರು. ಗಿಳಿ ಓಡಿಸುತ್ತ, ಎಣ್ಣೆ ಹೊಡೆಯುತ್ತ ಹತ್ತರವರೆಗೆ ಎಣಿಕೆ ಇಟ್ಟುಕೊಳ್ಳುವುದು ಆಟಗಾರನ ಜಾಣ್ಮೆಯೇ, ಅದಕ್ಕೆ ಫಲ ಸಿಕ್ಕರೆ ಆಟಕ್ಕೆ ಕೆಡುಕಿಲ್ಲ.

ಎರಡು ಬದುಗಳ ಲೆವೆಲ್

ಏಳನೇ ಲೆವೆಲ್‌ನಿಂದ ಶತ್ರುಗಳು ಹೊಲದ ಮೂಡಣ ಬದುವಿನಿಂದಲೂ ಪಡುವಣ ಬದುವಿನಿಂದಲೂ ಬರುತ್ತವೆ. ಅಲ್ಲಿ ಹಂದಿ ದೂರು ಮತ್ತೆ ಬಂತು. ಲಾಗ್ ತೆಗೆದು ನೋಡಿದರೆ ಚೀಲ ಸರಿಯಾಗಿಯೇ ನಡೆಯುತ್ತಿತ್ತು. ಹೊರಟ ಕ್ರಮ ಹೀಗಿತ್ತು: ಹಂದಿ ಪಡುವಣಕ್ಕೆ, ಹುಳು ಮೂಡಣಕ್ಕೆ, ಹಂದಿ ಪಡುವಣಕ್ಕೆ, ಗಿಳಿ ಮೂಡಣಕ್ಕೆ, ಚೀಲ ಬದಲು, ಹುಳು ಮೂಡಣಕ್ಕೆ, ಹಂದಿ ಪಡುವಣಕ್ಕೆ. ಒಟ್ಟು ಸಾಲಿನಲ್ಲಿ ಎರಡು ಹಂದಿ ಪಕ್ಕಪಕ್ಕ ಎಲ್ಲೂ ಇಲ್ಲ. ಪಡುವಣ ಬೇಲಿಯ ಹತ್ತಿರ ನಿಂತವನಿಗೆ ಮಾತ್ರ ಹಂದಿ, ಹಂದಿ, ಹಂದಿ. ಸಣ್ಣ ಪರದೆಯ ಫೋನಿನಲ್ಲಿ ಒಂದು ಸಲಕ್ಕೆ ಒಂದೇ ಬದು ಕಾಣುತ್ತದೆ, ಇನ್ನೊಂದು ಬದುವಿಗೆ ಹುಳು ಹೋದದ್ದು ಅವನ ಕಣ್ಣಿಗೆ ಬೀಳುವುದಿಲ್ಲ.

ಎರಡು ಬದುಗಳೂ ಒಂದೇ ಚೀಲದಿಂದ ತೆಗೆಯುತ್ತಿದ್ದವು, ಯಾವ ಬದು ಎಂಬುದನ್ನು ಬೇರೆಯಾಗಿ ಯಾದೃಚ್ಛಿಕವಾಗಿ ಆರಿಸುತ್ತಿದ್ದರು. ಒಂದು ಸಾಲನ್ನು ಹೀಗೆ ಎರಡಾಗಿ ಹಂಚಿದರೆ, ಒಟ್ಟು ಸಾಲಿಗಿದ್ದ ಭರವಸೆ ಒಂದೊಂದು ಪಾಲಿಗೂ ಬರುವುದಿಲ್ಲ. ಆಟಗಾರನ ಅನುಭವಕ್ಕೆ ಬರುವ ಸಾಲು ಯಾವುದೋ ಆ ಸಾಲಿಗೇ ಚೀಲ ಇರಬೇಕು. ಬದುವಿಗೊಂದು ಚೀಲ, ಬದುವಿಗೊಂದು `last`.

ಇದರಿಂದ ಒಂದು ಸಣ್ಣ ತೊಡಕು ಹುಟ್ಟಿತು. ಬದುವಿಗೆ 15 ಶತ್ರು ಎಂದರೆ ಒಂದೂವರೆ ಚೀಲ. ಅರ್ಧ ಉಳಿದ ಚೀಲವನ್ನು ಲೆವೆಲ್ ಕೊನೆಗೆ ಎಸೆದರೆ ಒಂದು ಬದುವಿಗೆ ಕೆಲವೊಮ್ಮೆ ಒಂದು ಜಿಂಕೆ, ಕೆಲವೊಮ್ಮೆ ಎರಡು. ತಂಡ ಉಳಿದದ್ದನ್ನು ಮುಂದಿನ ಲೆವೆಲ್‌ಗೆ ಸಾಗಿಸಿತು, ಎರಡು ಲೆವೆಲ್ ಸೇರಿ ಲೆಕ್ಕ ಸರಿಹೋಗುತ್ತದೆ. ಸೋತು ಅದೇ ಲೆವೆಲ್ ಮತ್ತೆ ಆಡುವವನಿಗೆ, ಲೆವೆಲ್ ಶುರುವಿನಲ್ಲಿ ಚೀಲದಲ್ಲಿ ಏನಿತ್ತೋ ಅದನ್ನೇ ಕೊಟ್ಟು ಇನ್ನೊಮ್ಮೆ ಕುಲುಕುತ್ತಾರೆ. ಅದೇ ಕ್ರಮದಲ್ಲಿ ಕೊಟ್ಟರೆ ಮೂರನೇ ಸಲಕ್ಕೆ ಅವನಿಗೆ ಬಾಯಿಗೆ ಬಂದಿರುತ್ತದೆ.

ಬೆದರುಬೊಂಬೆಯ ಚೀಲ, ಬಂದ್ ಆಗುವ ಫೋನು

ಶತ್ರುವಿನಿಂದ ಉದುರುವ ವಸ್ತುಗಳಿಗೆ ಇಪ್ಪತ್ತರ ಚೀಲ ಮಾಡಿದರು: 1 ಬೆದರುಬೊಂಬೆ, 4 ಬೇವಿನೆಣ್ಣೆ, 5 ಕವಣೆ ಕಲ್ಲು, 10 ಖಾಲಿ. ಖಾಲಿ ಬಿಲ್ಲೆಗಳೂ ಚೀಲದೊಳಗೇ ಇರಬೇಕು. "ಏನಾದರೂ ಉದುರಬೇಕೆ" ಎಂದು ಮೊದಲು ಹೊರಗೆ ಯಾದೃಚ್ಛಿಕವಾಗಿ ನಿರ್ಧರಿಸಿ, ಉದುರಬೇಕಾದಾಗ ಮಾತ್ರ ಚೀಲಕ್ಕೆ ಕೈ ಹಾಕಿದರೆ ಬರಿಗೈಯ ಸಾಲು ಹಳೆಯ ರೀತಿಯಲ್ಲೇ ಉದ್ದವಾಗುತ್ತದೆ. ಈ ಚೀಲದಿಂದ ಎರಡು ಬೆದರುಬೊಂಬೆಗಳ ನಡುವೆ ಹೆಚ್ಚೆಂದರೆ 38 ಶತ್ರು. 60ಕ್ಕೂ ಸಿಗದಿರುವುದು ಸಾಧ್ಯವಿಲ್ಲ.

ಸ್ಕ್ರಿಪ್ಟ್‌ನಲ್ಲಿ 38 ದಾಟಲಿಲ್ಲ. ಆದರೆ ಫೋನಿನಲ್ಲಿ ದಾಟಿತು, ಅದೂ ಕಡಿಮೆ ಮೆಮೊರಿಯ ಹಳೆಯ ಫೋನ್ ಇಟ್ಟುಕೊಂಡವರಿಗೇ. ಅದೇ ಹೊತ್ತಿಗೆ ಇನ್ನೊಬ್ಬ ಹುಡುಗ ಗುಟ್ಟೊಂದನ್ನು ಹಂಚುತ್ತಿದ್ದ: "ಬೊಂಬಿ ಸಿಕ್ಕ ಕೂಡ್ಲೆ ಗೇಮ್ ಬಂದ್ ಮಾಡಿ ಮತ್ತ ಚಾಲೂ ಮಾಡು, ಲಗೂನೇ ಇನ್ನೊಂದು ಸಿಗ್ತದ." ಎರಡು ದೂರುಗಳು ಒಂದಕ್ಕೊಂದು ತದ್ವಿರುದ್ಧವಾಗಿ ಕಂಡರೂ ಬೇರು ಒಂದೇ. ಚೀಲ ಮೆಮೊರಿಯಲ್ಲಿ ಮಾತ್ರ ಇತ್ತು. ಆಟ ಮುಚ್ಚಿದರೆ ಹೋಯಿತು, ತೆರೆದರೆ ಹೊಸದು.

ನಡುವೆ ಫೋನ್ ಕರೆ ಬಂದು ಆಟ ಹಿನ್ನೆಲೆಗೆ ಸರಿದರೆ, ಮೆಮೊರಿ ಸಾಲದ ಫೋನಿನಲ್ಲಿ ಆಂಡ್ರಾಯ್ಡ್ ಅದನ್ನು ಸದ್ದಿಲ್ಲದೆ ಮುಚ್ಚಬಹುದು. ಎಂಟೆಂಟು ಶತ್ರುಗಳಿಗೆ ಒಮ್ಮೆ ಹೀಗಾದರೆ ಆಟಗಾರ ಪ್ರತಿ ಸಲವೂ ಹೊಸ ಚೀಲದ ಮೊದಲ ಎಂಟನ್ನಷ್ಟೇ ನೋಡುತ್ತಾನೆ. ಅವುಗಳಲ್ಲಿ ಬೆದರುಬೊಂಬೆ ಇರುವ ಸಂಭವ 20ರಲ್ಲಿ 8. ಸರಾಸರಿ ನೂರಕ್ಕೆ 5ರಲ್ಲೇ ಇರುತ್ತದೆ, ಆದರೆ 38ರ ಮಿತಿ ಇರುವುದಿಲ್ಲ. ಎಂಟು ಸಲ, ಅಂದರೆ 64 ಶತ್ರುಗಳವರೆಗೆ ಬರಿಗೈ ಆಗುವ ಸಂಭವ 0.6ರ ಎಂಟನೇ ಘಾತ, ನೂರಕ್ಕೆ 1.7. ಸರಾಸರಿಯನ್ನು ಮಾತ್ರ ನೋಡುವ ಪರೀಕ್ಷೆಗೆ ಈ ತಪ್ಪು ಎಂದಿಗೂ ಸಿಕ್ಕಿಬೀಳುವುದಿಲ್ಲ.

ಗುಟ್ಟಿನ ಲೆಕ್ಕವೂ ಅಷ್ಟೇ ನೇರ. ಬೆದರುಬೊಂಬೆ ಸಿಕ್ಕ ಮೇಲೆ ಆ ಚೀಲದಲ್ಲಿ ಉಳಿದದ್ದರಲ್ಲಿ ಇನ್ನೊಂದು ಇಲ್ಲ. ಅದನ್ನು ಎಸೆದು ಹೊಸ ಚೀಲ ತೆಗೆದರೆ ಸರಾಸರಿ ಹತ್ತೂವರೆ ಶತ್ರುಗಳಿಗೆ ಒಂದು ಸಿಗುತ್ತದೆ, ಇಪ್ಪತ್ತಕ್ಕೆ ಒಂದರ ಬದಲು. ಹುಡುಗ ಕಂಡುಕೊಂಡದ್ದು ಹೆಚ್ಚುಕಡಿಮೆ ಎರಡರಷ್ಟು ಫಸಲು.

ಪರಿಹಾರವಾಗಿ ಯಾದೃಚ್ಛಿಕ ಸಂಖ್ಯೆಯ ಬೀಜವನ್ನು, ಅಂದರೆ ಆ ಸಂಖ್ಯೆಗಳ ಸರಣಿ ಯಾವ ಮೂಲ ಸಂಖ್ಯೆಯಿಂದ ಹುಟ್ಟುತ್ತದೋ ಅದನ್ನು, ಉಳಿಸೋಣ ಎಂಬ ಸಲಹೆ ಮೊದಲು ಬಂತು. ಬೀಜದಿಂದ ಅದೇ ಚೀಲ ಮತ್ತೆ ಕಟ್ಟಬಹುದು ನಿಜ. ಆದರೆ ಎಷ್ಟು ತೆಗೆದಾಗಿದೆ, ಎಷ್ಟು ಸಲ ಮರುಕುಲುಕಿದೆ ಎಲ್ಲವನ್ನೂ ಉಳಿಸಬೇಕು, ಆಟದ ಬೇರೆ ಯಾವುದೋ ಭಾಗ ಅದೇ ಮೂಲದಿಂದ ಒಂದು ಸಂಖ್ಯೆ ತೆಗೆದುಕೊಂಡರೂ ಕ್ರಮ ಕೆಡುತ್ತದೆ. ಚೀಲದಲ್ಲಿ ಉಳಿದ ಬಿಲ್ಲೆಗಳನ್ನೇ ಪಟ್ಟಿಯಾಗಿ ಉಳಿಸುವುದು ಸರಳ. ಇಪ್ಪತ್ತು ಸಣ್ಣ ಪದಗಳು, ಅಷ್ಟೇ. ಜೊತೆಗೆ `last` ಸಹ.

ಯಾವಾಗ ಉಳಿಸಬೇಕು ಎಂಬುದೇ ಹೆಚ್ಚು ಮುಖ್ಯವಾಗಿತ್ತು. ಲೆವೆಲ್ ಮುಗಿದಾಗ ಉಳಿಸಿದರೆ ಸಾಲದು, ಫೋನ್ ಆಟವನ್ನು ಮುಚ್ಚುವುದು ನಡುವೆಯೇ. ಗೋಡೋದಲ್ಲಿ ಆಟ ಹಿನ್ನೆಲೆಗೆ ಸರಿಯುವಾಗ ಬರುವ `NOTIFICATION_APPLICATION_PAUSED` ಸೂಚನೆಗೆ ಉಳಿಸುವ ಕೆಲಸ ಕಟ್ಟಿದರು, ಏಕೆಂದರೆ ಅದಾದ ಮೇಲೆ ಇನ್ನೊಂದು ಅವಕಾಶ ಸಿಗುತ್ತದೆಂಬ ಖಾತ್ರಿಯಿಲ್ಲ. ಬೆದರುಬೊಂಬೆ ಉದುರಿದಾಗಲೂ ಕೂಡಲೇ ಉಳಿಸುತ್ತಾರೆ, ಆಟಗಾರನ ವಸ್ತುಗಳ ಪಟ್ಟಿಯನ್ನೂ ಚೀಲವನ್ನೂ ಒಂದೇ ಫೈಲಿಗೆ ಒಟ್ಟಿಗೆ ಬರೆಯುತ್ತಾರೆ. ಬೇರೆ ಬೇರೆ ಬರೆದರೆ ನಡುವೆ ಆಟ ನಿಂತಾಗ ವಸ್ತು ಕೈಯಲ್ಲಿದ್ದು ಚೀಲ ಹಳೆಯದೇ ಇರುತ್ತದೆ, ಅದೇ ಬೆದರುಬೊಂಬೆ ಎರಡನೇ ಸಲ ಹೊರಬರುತ್ತದೆ.

ಉಳಿಸಿದ ಚೀಲಕ್ಕೆ ಆವೃತ್ತಿ ಸಂಖ್ಯೆಯನ್ನೂ ಹಾಕಿದರು. ಮುಂದೆ ಪ್ರಮಾಣ ಬದಲಿಸಿ ಅಪ್‌ಡೇಟ್ ಕೊಟ್ಟಾಗ ಸಂಖ್ಯೆ ಹೊಂದದಿದ್ದರೆ ಹಳೆಯ ಚೀಲ ಎಸೆದು ಹೊಸದು ತುಂಬುತ್ತದೆ. ಆಟಗಾರ ಒಮ್ಮೆ ಭರವಸೆ ಕಳೆದುಕೊಳ್ಳುತ್ತಾನೆ, ಅದನ್ನು ಒಪ್ಪಿಕೊಂಡರು.

ಈ ಪ್ರಕರಣದಿಂದ ಬೇರೆಯವರಿಗೆ ಸಿಗುವುದು

ಇಡೀ ಕೆಲಸದಲ್ಲಿ ತಂಡವನ್ನು ಕಾಪಾಡಿದ್ದು ಆ ಸಣ್ಣ ಸ್ಕ್ರಿಪ್ಟ್, ಅದು ಎರಡು ಸಂಗತಿಗಳನ್ನು ಅಳೆಯಿತು ಎಂಬ ಕಾರಣಕ್ಕೆ: ಪ್ರತಿ ಬಗೆಯ ಅತಿ ಉದ್ದದ ಸಾಲು, ಮತ್ತು ಅದೇ ಬಗೆ ಮತ್ತೆ ಬರುವವರೆಗಿನ ಅತಿ ಉದ್ದದ ಅಂತರ. ಅದು ತಪ್ಪಿದ್ದು ಆಟಗಾರನಿಗೆ ಕಾಣುವ ಸಾಲು ಕೋಡಿನ ಸಾಲಿಗಿಂತ ಬೇರೆಯಾಗಿದ್ದ ಎರಡು ಕಡೆ: ಬದುಗಳಲ್ಲಿ, ಮತ್ತು ಆಟ ಮುಚ್ಚಿ ತೆರೆಯುವಲ್ಲಿ. ಆಮೇಲೆ ಸ್ಕ್ರಿಪ್ಟ್‌ಗೆ ಬದುವಿನ ಪ್ರಕಾರ ಅಳೆಯುವುದನ್ನೂ, ಎಲ್ಲೆಂದರಲ್ಲಿ ಆಟ ಮುಚ್ಚಿ ಉಳಿಸಿದ ಫೈಲಿನಿಂದ ಮುಂದುವರಿಸುವುದನ್ನೂ ಸೇರಿಸಿದರು.

ಎಲ್ಲಕ್ಕೂ ಚೀಲ ಹಾಕಲಿಲ್ಲ ಎಂಬುದನ್ನೂ ಗಮನಿಸಬೇಕು. ಗಿಳಿ ಯಾವ ಗಿಡದ ಮೇಲೆ ಕೂರುತ್ತದೆ, ಹುಳು ಯಾವ ಕಾಯಿ ಕೊರೆಯುತ್ತದೆ, ಕವಣೆ ಕಲ್ಲು ಎಷ್ಟು ಓರೆ ಹೋಗುತ್ತದೆ ಎಂಬುದಕ್ಕೆಲ್ಲ ಹಳೆಯ ಯಾದೃಚ್ಛಿಕ ಸಂಖ್ಯೆಯೇ ಇದೆ. ಅಲ್ಲಿ ಒಂದೇ ಫಲಿತಾಂಶ ಸಾಲಾಗಿ ಬಂದರೂ ಆಟಗಾರನಿಗೆ ಏನೂ ನಷ್ಟವಿಲ್ಲ, ಯಾರೂ ಎಣಿಸುವುದೂ ಇಲ್ಲ. ಚೀಲ ಇರುವುದು ಎರಡೇ ಕಡೆ: ಸಾಲು ಬಂದರೆ ಸೋಲು ಬರುವಲ್ಲಿ, ಮತ್ತು ಬಾರದಿದ್ದರೆ ಆಟಗಾರ ಬೇಸತ್ತು ಬಿಡುವಲ್ಲಿ.

ಇಬ್ಬರು ಒಟ್ಟಿಗೆ ಆಡುವ ಆವೃತ್ತಿಯಲ್ಲಿ ಬೆದರುಬೊಂಬೆಯ ಚೀಲ ಯಾರದ್ದಾಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇಬ್ಬರಿಗೂ ಒಂದೇ ಚೀಲವಾದರೆ ಬದುಗಳಲ್ಲಿ ಆದದ್ದೇ ಆಗುತ್ತದೆ, ಒಬ್ಬನಿಗೆ ಬಹಳ ಹೊತ್ತು ಏನೂ ಸಿಗದಿರಬಹುದು. ತಲಾ ಒಂದು ಚೀಲವಾದರೆ, ತಡವಾಗಿ ಸೇರಿಕೊಂಡವನ ಚೀಲ ತುಂಬಿರುತ್ತದೆ, ಮೊದಲಿಂದ ಆಡಿ ಬೊಂಬೆ ಪಡೆದವನ ಚೀಲದಲ್ಲಿ ಬೊಂಬೆ ಉಳಿದಿರುವುದಿಲ್ಲ. ಬಿಟ್ಟು ಹೋಗಿ ಮತ್ತೆ ಸೇರಿಕೊಳ್ಳುವುದು ಹೊಸ ಗುಟ್ಟಾಗದಂತೆ ಚೀಲವನ್ನು ಆಟಗಾರನ ಖಾತೆಗೆ ಕಟ್ಟಿ ಉಳಿಸುವ ದಾರಿಯನ್ನು ಸದ್ಯ ಪರೀಕ್ಷಿಸುತ್ತಿದ್ದಾರೆ.